ಆರು ವರ್ಷದ ಹಿಂದೆ ಬೇರೆಯಾದವನಿಗಾಗಿ ಅತ್ತ ಗೆಳತಿ: ನನ್ನ ಅನುಭವ

"ಬೇರೆಯಾಗಿ ಆರು ವರ್ಷ ಆಯ್ತಲ್ಲ, ಈಗ ಯಾಕೆ ಅಳು?" ನನ್ನ ಗೆಳತಿಯನ್ನು ಎಲ್ಲರೂ ಕೇಳಿದ್ದು ಇದನ್ನೇ. ಹಳೆಯ ಸಂಗಾತಿ ತೀರಿಕೊಂಡ ಸುದ್ದಿ ಅವಳಿಗೆ ಗೊತ್ತಾಗಿದ್ದು ನಾಲ್ಕು ದಿನ ತಡವಾಗಿ. ಅಷ್ಟರಲ್ಲಿ ಅಂತ್ಯಕ್ರಿಯೆಯೂ ಮುಗಿದಿತ್ತು. ಕೆಲಸದಲ್ಲಿ ರಜೆ ಕೇಳೋಣ ಅಂದರೆ, ಸತ್ತವನು ತನಗೆ ಏನಾಗಬೇಕು ಅಂತ ಹೇಳುವುದು?

ದುಃಖದಲ್ಲಿರುವವರ ಜೊತೆ ಕೂತು ನನಗೆ ಅಭ್ಯಾಸವಿದೆ. ಆದರೂ ಮೊದಲ ಎರಡು ತಿಂಗಳು ಮಾಡಿದ್ದೆಲ್ಲ ತಪ್ಪೇ. ಮೊದಲ ವಾರದಲ್ಲೇ ಅವನಿಗೊಂದು ಪತ್ರ ಬರಿ ಅಂದೆ. ಎರಡು ಸಾಲು ಬರೆದು ಮುಚ್ಚಿಟ್ಟಳು. ಇನ್ನೊಮ್ಮೆ, "ಅಷ್ಟು ನೋಯಿಸಿದವನಿಗಾಗಿ ಅಳ್ತೀಯಾ?" ಅಂದುಬಿಟ್ಟೆ. ಮೂರು ವಾರ ಫೋನ್ ಎತ್ತಲಿಲ್ಲ. ನಾವು ಅವನನ್ನು ಬೈದರೆ ಅವಳ ಅಳುವೂ ತಪ್ಪು ಅಂದ ಹಾಗೆ, ಅಲ್ವಾ? ಆಮೇಲೆ ಪ್ರವಾಸಕ್ಕೆ ಕರೆದುಕೊಂಡು ಹೋದೆ. ನನ್ನ ಅರ್ಧ ತಿಂಗಳ ಸಂಬಳ ಖರ್ಚಾಯಿತು. ಅವಳು ಎರಡೂ ದಿನ ರೂಮ್ ಬಿಟ್ಟು ಹೊರಗೆ ಬರಲಿಲ್ಲ.

ವಾಪಸ್ ಬರುವಾಗ ಹೇಳಿದಳು: "ಅವನು ಹೇಗೆ ಸೀನುತ್ತಿದ್ದ ಅಂತ ಗೊತ್ತಿರೋರು ನನ್ನ ಹತ್ತಿರ ಒಬ್ಬರೂ ಇಲ್ಲ."

ಆಗ ಹೊಳೆಯಿತು. ಸಾವಿನ ಮನೆಯಲ್ಲಿ ಬಂದವರೆಲ್ಲ ಸತ್ತವರ ಮಾತು ಆಡುತ್ತಾರೆ. ಇವಳಿಗೆ ಆ ಮಾತೇ ಸಿಕ್ಕಿಲ್ಲ. ಹಾಗಾದರೆ ಅವರಿಬ್ಬರನ್ನೂ ಒಟ್ಟಿಗೆ ನೋಡಿದ್ದ ಒಬ್ಬರು ಬೇಕು. "ಗಾಯ ಕೆದಕಬೇಡ" ಅಂತ ನನ್ನ ಜೊತೆಯವರೇ ಹೇಳಿದರು. ನಾನು ಕೇಳಲಿಲ್ಲ.

ಗೆಳತಿಯ ಜೊತೆ ಕೂತು ಆರೇಳು ಹೆಸರು ಬರೆದೆವು. ಬೇರೆಯಾದಾಗ ಪಕ್ಷ ವಹಿಸಿದವರನ್ನು ಬಿಟ್ಟೆವು. ಅವನ ಮನೆಯವರನ್ನೂ ಬಿಟ್ಟೆವು, ಅವರ ದುಃಖ ಅವರಿಗಿದೆ. ಕೊನೆಗೆ ಉಳಿದವಳು ಆಗ ಪಕ್ಕದ ಮನೆಯಲ್ಲಿದ್ದ ಒಬ್ಬಳು. ಗೆಳತಿಯನ್ನು ಕೇಳಿಯೇ ಅವಳಿಗೆ ಮೊದಲು ನಾನು ಫೋನ್ ಮಾಡಿದೆ. ಆಗ ಏನು ಹೇಳಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ. ಒಂದು ಮಾತು ಮಾತ್ರ ಹೇಳುತ್ತೇನೆ: ಯಾಕೆ ಬೇರೆಯಾದಿರಿ ಅಂತ ಕೇಳಬಾರದು ಎಂದಿದ್ದೆ.

ಭೇಟಿಯಾದಾಗ ಇಪ್ಪತ್ತು ನಿಮಿಷ ಮಾತಿಲ್ಲ. ಆಮೇಲೆ ಪಕ್ಕದ ಮನೆಯವಳೇ, "ಒಂದು ಸಲ ಶುರುವಾದರೆ ಏಳು ಸೀನು. ಗೋಡೆಯ ಈಚೆ ಕೂತು ನಾನು ಎಣಿಸ್ತಿದ್ದೆ" ಅಂದಳು. ಗೆಳತಿ ನಗುತ್ತ ನಗುತ್ತಲೇ ಅತ್ತಳು. ಎರಡು ಗಂಟೆ ಮಾತಾಡಿದರು. ಮೂರು ಗಂಟೆ ನಿದ್ದೆ ಬಂದರೆ ಜಾಸ್ತಿ ಅನ್ನುವಂತಿದ್ದವಳು ಅವತ್ತು ಸುಮಾರು ಆರು ಗಂಟೆ ಮಲಗಿದಳು. ಇಂಥ ನಾಲ್ಕು ಭೇಟಿ ಆದವು. ಖರ್ಚು ಬಸ್ ಚಾರ್ಜ್ ಮಾತ್ರ.

ಇದನ್ನೇ ಇನ್ನೊಬ್ಬ ಹುಡುಗನ ಮೇಲೂ ಮಾಡಿ ನೋಡಿದೆ. ಅವನ ಜೀವದ ಗೆಳೆಯ ಜಗಳವಿಲ್ಲದೆ, ಸುಮ್ನೆ ದೂರವಾಗಿದ್ದ. ಅಲ್ಲಿ ಕೆಟ್ಟಿತು. ಮಾತಾಡಲು ನಾನು ಯಾರನ್ನು ಕರೆಸಿದ್ದೆನೋ ಅವನೇ ಹೋಗಿ ಆ ಗೆಳೆಯನಿಗೆ ಎಲ್ಲ ಹೇಳಿದ. ಇವನು ಹಗಲು ರಾತ್ರಿ ಫೋನ್ ನೋಡುತ್ತ ಕೂತ. ಹೋದವರು ಬದುಕಿದ್ದರೆ ಆಸೆಯೂ ಬದುಕಿರುತ್ತದೆ. ಈಗ ಮೊದಲೇ ಕೇಳುತ್ತೇನೆ: "ಇವತ್ತು ಅವನ ಮೆಸೇಜ್ ಬಂದರೆ ಏನು ಮಾಡ್ತೀಯ?" ಉತ್ತರ ತಡವಿಲ್ಲದೆ ಬಂದರೆ, ಇನ್ನೂ ಕಾಯುತ್ತಿದ್ದಾನೆ ಅಂತ ಅರ್ಥ. ಆಗ ಯಾರನ್ನೂ ಕರೆಸುವುದಿಲ್ಲ. ಬದುಕುವುದೇ ಬೇಡ ಅನ್ನುವ ಮಾತು ಬಂದರಂತೂ ಇದೆಲ್ಲ ಬಿಟ್ಟು ನೇರ ಡಾಕ್ಟರ ಹತ್ತಿರ.

ಮೊನ್ನೆ ಗೆಳತಿಯ ಆ ತೀರಿಹೋದ ಸಂಗಾತಿಯ ಹುಟ್ಟುಹಬ್ಬ. ಪಕ್ಕದ ಮನೆಯವಳಿಂದ ಗೆಳತಿಗೆ ಬಂದ ಮೆಸೇಜ್‌ನಲ್ಲಿ "ಏಳು" ಅಂತ ಒಂದೇ ಪದ ಇತ್ತಂತೆ.