ಫೋಟೊ ಶಾರ್ಪ್ ಇದೆಯಾ, ಮಾನಿಟರ್ ಹಾಗೆ ತೋರಿಸ್ತಿದೆಯಾ?

ರಂಗನತಿಟ್ಟಿನಲ್ಲಿ ತೆಗೆದ ಮಿಂಚುಳ್ಳಿಯ ಫೋಟೊ ನನ್ನ ಮಾನಿಟರ್‌ನಲ್ಲಿ ತುಂಬಾ ಚೆನ್ನಾಗಿ ಕಂಡಿತ್ತು. ಗರಿಗಳೆಲ್ಲ ಬಿಡಿಬಿಡಿಯಾಗಿ ಕಾಣುತ್ತಿದ್ದವು. ದೊಡ್ಡದಾಗಿ ಪ್ರಿಂಟ್ ಹಾಕಿಸಿದ ಮೇಲೆ ಗೊತ್ತಾಯಿತು, ಫೋಕಸ್ ಕೂತಿದ್ದು ರೆಕ್ಕೆಯ ಮೇಲೆ. ಕಣ್ಣು ಮಂಕಾಗಿತ್ತು.

ಮೊದಲ ತಪ್ಪು ಮಾನಿಟರ್‌ನಲ್ಲೇ ಇತ್ತು. ಅದರ ಮೆನುವಿನಲ್ಲಿ Sharpness ಅಂತ ಒಂದು ಆಯ್ಕೆ ಇರುತ್ತದೆ. ಅದು ಜಾಸ್ತಿ ಇದ್ದರೆ ಮಂಕು ಫೋಟೊ ಕೂಡ ಚೂಪಾಗಿ ಕಾಣುತ್ತದೆ. ಪರೀಕ್ಷೆ ಸುಲಭ. ಬೂದು ಬಣ್ಣದ ಮೇಲೆ ಕಪ್ಪು ಅಕ್ಷರ ಬರೆದು ಹತ್ತಿರದಿಂದ ನೋಡಿ. ಅಕ್ಷರದ ಸುತ್ತ ತೆಳುವಾದ ಬಿಳಿ ಗೆರೆ ಕಂಡರೆ, ಅದು ಮಾಯವಾಗುವವರೆಗೆ Sharpness ಇಳಿಸಿ. ಅಕ್ಷರ ಮಂಕಾಗುವ ಮೊದಲೇ ನಿಲ್ಲಿಸಿ. ಕೆಲವು ಮಾನಿಟರ್‌ಗಳಲ್ಲಿ ಸರಿಯಾದ ಜಾಗ 0, ಇನ್ನು ಕೆಲವದರಲ್ಲಿ 50. ಹಾಗಾಗಿ ಅಂಕಿ ನೋಡಬೇಡಿ, ಅಕ್ಷರ ನೋಡಿ. ರೆಸಲ್ಯೂಶನ್ ಮಾನಿಟರ್‌ನ ಪೂರ್ತಿ ಅಳತೆಯಲ್ಲೇ ಇರಲಿ.

ಕ್ಯಾಲಿಬ್ರೇಟರ್ ಹಚ್ಚುವುದು ಇದಾದ ಮೇಲೆ. ಆ ಉಪಕರಣ ಬಣ್ಣ, ಬೆಳಕು ಸರಿಮಾಡುತ್ತದೆಯೇ ಹೊರತು ಈ ಬಿಳಿ ಗೆರೆಯನ್ನು ತೆಗೆಯುವುದಿಲ್ಲ. ಮಾನಿಟರನ್ನು ಅರ್ಧ ಗಂಟೆ ಆನ್ ಮಾಡಿಟ್ಟು, ಡೈನಾಮಿಕ್ ಕಾಂಟ್ರಾಸ್ಟ್ ಆಫ್ ಮಾಡಿ ಶುರುಮಾಡಿ. ಗಾಮಾ 2.2, ಬಿಳಿ 6500 ಕೆಲ್ವಿನ್, ಬೆಳಕು ಚದರ ಮೀಟರಿಗೆ 100ರಿಂದ 120 ಕ್ಯಾಂಡೆಲಾ ಇಟ್ಟರೆ ಸಾಕು. ಕಾಂಟ್ರಾಸ್ಟ್ ವಿಪರೀತ ಇದ್ದರೂ ಅಂಚುಗಳು ಇರುವುದಕ್ಕಿಂತ ಚೂಪಾಗಿ ಕಾಣುತ್ತವೆ, ಅದಕ್ಕೇ ಇಷ್ಟು ತಯಾರಿ.

ನನ್ನ ಎರಡನೇ ತಪ್ಪು, ಫೋಟೊ ಪರದೆ ತುಂಬುವಷ್ಟು ಕುಗ್ಗಿಸಿ ನೋಡಿದ್ದು. ನನ್ನ ಫೋಟೊ 6000 x 4000 ಪಿಕ್ಸೆಲ್, ಪರದೆ 1920 x 1080. ಅಂದರೆ ಫೋಟೊದ ಹೆಚ್ಚುಕಡಿಮೆ 14 ಪಿಕ್ಸೆಲ್ ಸೇರಿ ಪರದೆಯ ಒಂದು ಪಿಕ್ಸೆಲ್ ಆಗುತ್ತದೆ. ಕಣ್ಣಿನ ಮಂಕೆಲ್ಲ ಅಲ್ಲೇ ಅಡಗಿಹೋಗುತ್ತದೆ ಅಲ್ವಾ? 100% ಇಟ್ಟರೆ ಒಂದಕ್ಕೆ ಒಂದೇ ಕಾಣುತ್ತದೆ. ಫೋಟೋಶಾಪ್‌ನಲ್ಲಿ Ctrl+1 ಒತ್ತಿ, ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ Z. ಬ್ರೌಸರ್‌ನಲ್ಲಿ ನೋಡಿ ತೀರ್ಮಾನಿಸಬೇಡಿ. ವಿಂಡೋಸ್‌ನ Scale 150% ಇದ್ದರೆ ಅದು ಫೋಟೊವನ್ನು ಒಂದೂವರೆ ಪಟ್ಟು ಹಿಗ್ಗಿಸಿ ಮೆತ್ತಗೆ ಮಾಡುತ್ತದೆ.

100%ನಲ್ಲಿ ಮೊದಲು ಕಣ್ಣಿನ ಮಿಂಚಿಗೆ ಹೋಗಿ. ಆ ಬಿಳಿ ಚುಕ್ಕೆಯ ಅಂಚು ಗಟ್ಟಿಯಾಗಿದೆಯಾ ನೋಡಿ, ಆಮೇಲೆ ರೆಕ್ಕೆ. ರೆಕ್ಕೆಯೇ ಹೆಚ್ಚು ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ, ಯಾವ ಸ್ಲೈಡರ್ ಎಳೆದರೂ ಸರಿಹೋಗುವುದಿಲ್ಲ. ಎರಡೂ ಒಂದೇ ಕಡೆ ಎಳೆದಂತೆ ಕಂಡರೆ ಕೈ ಅಲುಗಿದೆ.

ಆದರೆ ಸ್ವಲ್ಪ ಮೆತ್ತಗಿದೆ ಅಂತ ಎಸೆದುಬಿಡಬೇಡಿ. 24 ಇಂಚಿನ ಆ ಪರದೆಯಲ್ಲಿ 100% ಅಂದರೆ ಐದಡಿಗಿಂತ ಅಗಲದ ಫೋಟೊವನ್ನು ಮೂಗಿನ ಹತ್ತಿರ ಹಿಡಿದ ಹಾಗೆ. ಎ4 ಪ್ರಿಂಟಿಗೆ ಉದ್ದದ ಬದಿ 3508 ಪಿಕ್ಸೆಲ್ ಸಾಕು. ಮೊದಲು ಆ ಅಳತೆಗೆ ಇಳಿಸಿ, ಮತ್ತೆ 100%ನಲ್ಲಿ ನೋಡುತ್ತಾ ಶಾರ್ಪನಿಂಗ್ ಮಾಡಿ. ಕೊಕ್ಕಿನ ಸುತ್ತ ಬಿಳಿ ಗೆರೆ ಮೂಡಲು ಶುರುವಾದರೆ ಒಂದು ಹೆಜ್ಜೆ ಹಿಂದೆ ಬನ್ನಿ.