ಮೂಲೆ ತೆಗೆದ ಚೆಸ್ ಬೋರ್ಡಿನ ಮೇಲೆ ಡಾಮಿನೋ ಜೋಡಿಸಲು ಏಕೆ ಆಗುವುದಿಲ್ಲ?

ಚೆಸ್ ಬೋರ್ಡಿನಲ್ಲಿ 64 ಮನೆಗಳು. ಓರೆಯಾಗಿ ಎದುರುಬದುರಿರುವ ಎರಡು ಮೂಲೆಯ ಮನೆಗಳನ್ನು ತೆಗೆದರೆ 62 ಉಳಿಯುತ್ತವೆ. ಒಂದು ಡಾಮಿನೋ ಬಿಲ್ಲೆ ಪಕ್ಕಪಕ್ಕದ ಎರಡು ಮನೆ ಮುಚ್ಚುತ್ತದೆ. ಹಾಗಾದರೆ 31 ಬಿಲ್ಲೆ ಸಾಕು ಅಲ್ವಾ? 1946ರಲ್ಲಿ ತತ್ವಶಾಸ್ತ್ರಜ್ಞ ಮ್ಯಾಕ್ಸ್ ಬ್ಲ್ಯಾಕ್ ಮುಂದಿಟ್ಟ ಒಗಟು ಇದು. ಎಷ್ಟು ಹೊತ್ತು ಜೋಡಿಸಿದರೂ ಕೊನೆಗೆ ಕನಿಷ್ಠ ಎರಡು ಮನೆ ಉಳಿದೇ ಉಳಿಯುತ್ತವೆ. ಆದರೆ ಸೋತ ಪ್ರಯತ್ನಗಳು ಎಷ್ಟಿದ್ದರೂ ಜೋಡಣೆ ಅಸಾಧ್ಯ ಎಂದು ಸಾಧಿಸಿದಂತಾಗುವುದಿಲ್ಲ. ಸಾಧಿಸುವುದು ಹೀಗೆ.

ಮೊದಲು ಬಣ್ಣ ನೋಡಿ. ಪ್ರತಿ ಮನೆಯ ಸಾಲಿನ ಸಂಖ್ಯೆಗೆ ಕಂಬದ ಸಂಖ್ಯೆ ಕೂಡಿಸಿ. ಮೊತ್ತ ಸಮವಾದರೆ ಕಪ್ಪು, ಬೆಸವಾದರೆ ಬಿಳಿ. ತೆಗೆದ ಮೂಲೆಗಳ ಮೊತ್ತ 1+1=2 ಮತ್ತು 8+8=16. ಎರಡೂ ಕಪ್ಪು. ಉಳಿದದ್ದು 30 ಕಪ್ಪು, 32 ಬಿಳಿ.

ಈಗ ಬಿಲ್ಲೆ ಇಡಿ. ಪಕ್ಕದ ಮನೆಗೆ ಹೋದರೆ ಮೊತ್ತ ಒಂದರಷ್ಟು ಬದಲಾಗುತ್ತದೆ. ಅಂದರೆ ಬಿಲ್ಲೆಯನ್ನು ಅಡ್ಡ ಇಟ್ಟರೂ ನಿಲ್ಲಿಸಿಟ್ಟರೂ ಅದರ ಕೆಳಗೆ ಒಂದು ಕಪ್ಪು, ಒಂದು ಬಿಳಿ. 31 ಬಿಲ್ಲೆಗಳಿಗೆ 31 ಕಪ್ಪು ಬೇಕು. ಇರುವುದು 30. ಸಾಧನೆ ಮುಗಿಯಿತು.

ಬಣ್ಣವೇ ಇಲ್ಲದೆ, ಬರೀ ಸಮ-ಬೆಸದಿಂದಲೂ ಸಾಧಿಸಬಹುದು. ನನಗೆ ಈ ದಾರಿ ಇನ್ನೂ ಇಷ್ಟ. ಜೋಡಣೆ ಆಗಿದೆ ಎಂದೇ ಇಟ್ಟುಕೊಳ್ಳಿ. ಮೊದಲ ಸಾಲಿನಲ್ಲಿ 7 ಮನೆ. ಅಡ್ಡ ಬಿಲ್ಲೆಗಳು ಅಲ್ಲಿ ಎರಡೆರಡೇ ಮುಚ್ಚುತ್ತವೆ. ಆದ್ದರಿಂದ ಎರಡನೇ ಸಾಲಿಗೆ ಇಳಿಯುವ ನಿಂತ ಬಿಲ್ಲೆಗಳು ಬೆಸ ಸಂಖ್ಯೆಯಲ್ಲಿರಬೇಕು. ಎರಡನೇ ಸಾಲಿನ 8 ಮನೆಗಳಲ್ಲಿ ಅವು ಬೆಸ ಸಂಖ್ಯೆಯಷ್ಟನ್ನು ತಿಂದವು, ಉಳಿದದ್ದೂ ಬೆಸ. ಹಾಗಾಗಿ ಮೂರನೇ ಸಾಲಿಗೆ ಇಳಿಯುವುದೂ ಬೆಸವೇ. ಹೀಗೆ ಸಾಲುಗಳ ನಡುವಿನ 7 ಗೆರೆಗಳಲ್ಲಿ ಪ್ರತಿಯೊಂದನ್ನೂ ಬೆಸ ಸಂಖ್ಯೆಯ ಬಿಲ್ಲೆಗಳು ದಾಟುತ್ತವೆ. ಏಳು ಬೆಸಗಳ ಮೊತ್ತ ಬೆಸ. ಬೋರ್ಡನ್ನು ತಿರುಗಿಸಿ ಇದೇ ಲೆಕ್ಕ ಹಾಕಿದರೆ ಅಡ್ಡ ಬಿಲ್ಲೆಗಳೂ ಬೆಸ. ಬೆಸಕ್ಕೆ ಬೆಸ ಕೂಡಿದರೆ ಸಮ. ಆದರೆ 31 ಬೆಸ!

ಒಂದೇ ಅಂಚಿನ ಎರಡು ಮೂಲೆ ತೆಗೆದರೆ? 1+1=2, 1+8=9. ಒಂದು ಕಪ್ಪು, ಒಂದು ಬಿಳಿ. ಇಲ್ಲಿ ಜೋಡಣೆ ಸುಲಭ: ಮೊದಲ ಸಾಲಿನ 6 ಮನೆಗೆ ಮೂರು ಅಡ್ಡ ಬಿಲ್ಲೆ, ಉಳಿದ ಸಾಲುಗಳಿಗೆ ನಾಲ್ಕು ನಾಲ್ಕು. ಕಪ್ಪೊಂದು, ಬಿಳಿಯೊಂದು ಎಲ್ಲಿಂದ ತೆಗೆದರೂ ಜೋಡಿಸಬಹುದು ಎಂದು ಗಣಿತಜ್ಞ ರಾಲ್ಫ್ ಗೊಮೊರಿ ತೋರಿಸಿದರು.

ಆದರೆ ಜಾಸ್ತಿ ಮನೆ ತೆಗೆದಾಗ ಎಚ್ಚರ. ಒಂದು ಕಪ್ಪು ಮೂಲೆಯನ್ನು ಬಿಟ್ಟು, ಅದಕ್ಕೆ ತಾಗಿದ ಎರಡೂ ಬಿಳಿ ಮನೆಗಳನ್ನು ತೆಗೆಯಿರಿ. ಬೇರೆ ಕಡೆಯಿಂದ ಎರಡು ಕಪ್ಪು ತೆಗೆಯಿರಿ. ಬಣ್ಣ 30-30 ಸರಿಸಮ. ಆದರೂ ಆ ಮೂಲೆಗೆ ಜೊತೆಯೇ ಇಲ್ಲ, ಬಿಲ್ಲೆ ಕೂರುವುದಿಲ್ಲ. ಬಣ್ಣದ ಲೆಕ್ಕ ತಪ್ಪಿದರೆ ಜೋಡಣೆ ಖಂಡಿತ ಇಲ್ಲ. ಸರಿಹೋದರೂ ಅಷ್ಟೇ ಸಾಲದು, ಬಿಲ್ಲೆಗಳನ್ನು ಇಟ್ಟೇ ತೋರಿಸಬೇಕು.