ಬರೆದದ್ದನ್ನು ಬಾಯಿಗೆ ತರೋದು: ನನ್ನ ಅನುಭವ

ನೀರಾವರಿ ನೀತಿ ಕುರಿತ ಎಂ.ಎ. ಕೋರ್ಸಿಗೆ ಅರ್ಜಿ ಹಾಕಿದ್ದೆ. ಈ ಕೋರ್ಸ್ ಯಾಕೆ ಬೇಕು ಅಂತ ಎರಡು ಪುಟದ ಸ್ಟೇಟ್‌ಮೆಂಟ್ ಬರೆದು ಕಳಿಸಿದ್ದೆ, ಸಂದರ್ಶನಕ್ಕೆ ಕರೆ ಬಂತು. ನಾನು ಮಾಡಿದ ಮೊದಲ ಕೆಲಸ ಅದನ್ನೇ ಬಾಯಿಪಾಠ ಮಾಡಿದ್ದು.

ದಾವಣಗೆರೆಯಲ್ಲಿ ಒಂದು ಸಂಜೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಗೆಳತಿಗೆ ಪ್ರಶ್ನೆ ಕೇಳು ಅಂದೆ. 'ಈ ಕೋರ್ಸ್ ಯಾಕೆ?' ಅಂದಳು. ನಾನು ಶುರು ಮಾಡಿದೆ: 'ಭದ್ರಾ ನಾಲೆಯ ಕೊನೆ ಭಾಗದ ರೈತರ ಸಂಕಷ್ಟವನ್ನು ಸಮೀಪದಿಂದ ಕಂಡ ನನಗೆ, ನೀರು ಹಂಚಿಕೆಯ ಅಧ್ಯಯನದಲ್ಲಿ...' ಅವಳು ಮಧ್ಯದಲ್ಲೇ ತಡೆದು, 'ಕೊನೆ ಭಾಗ ಅಂದ್ರೆ ಯಾವೂರು?' ಅಂದಳು. ನಾನು 'ಮಲೇಬೆನ್ನೂರು ಕಡೆ' ಅಂದು, ಮತ್ತೆ 'ಭದ್ರಾ ನಾಲೆಯ ಕೊನೆ ಭಾಗದ' ಅಂತ ಮೊದಲಿಂದ ಹಿಡಿದೆ. ಅವಳು ನಕ್ಕಳು. ಬಾಯಿಪಾಠ ಸಿಕ್ಕಿಬೀಳೋದು ಇಲ್ಲೇ. ತಡೆದರೆ ಮುಂದಕ್ಕೆ ಹೋಗಲ್ಲ, ಹಿಂದಕ್ಕೆ ಓಡುತ್ತೆ.

ಆಮೇಲೆ ಸ್ಟೇಟ್‌ಮೆಂಟ್ ಪಕ್ಕಕ್ಕಿಟ್ಟೆ. ಒಂದೊಂದು ಪ್ಯಾರಾಕ್ಕೆ ಒಂದು ಚೀಟಿ, ಚೀಟಿಯಲ್ಲಿ ವಾಕ್ಯ ಇರಬಾರದು, ಎರಡು ಮೂರು ಪದ ಮಾತ್ರ. ಭದ್ರಾ ನಾಲೆಯ ಪ್ಯಾರಾದ್ದು 'ಮಾವ, ರಾತ್ರಿ, ತೂಬು'. ಅದನ್ನು ನೋಡಿ ಮೊದಲು ಅಜ್ಜಿಗೆ ಕನ್ನಡದಲ್ಲಿ ಹೇಳಿದೆ. ಸಂದರ್ಶನ ಇಂಗ್ಲಿಷಿನಲ್ಲೇ ಇದ್ದರೂ ಇದು ಬೇಕಿತ್ತು, ಯಾಕಂದ್ರೆ ಅಜ್ಜಿಯ ಹತ್ತಿರ 'ನೀರು ಹಂಚಿಕೆಯ ಅಧ್ಯಯನ' ನಡೆಯಲ್ಲ ಅಲ್ವಾ. ಹೀಗೆ ಬಂತು: 'ಮಾವನ ಗದ್ದೆ ನಾಲೆಯ ಕೊನೇಲಿದೆ. ನೀರು ಬಿಟ್ಟಿದ್ದು ಪೇಪರಲ್ಲಿ ಬರುತ್ತೆ, ಗದ್ದೆಗೆ ಬರಲ್ಲ. ರಾತ್ರಿ ತೂಬಿನ ಹತ್ತಿರ ಕಾಯೋಕೆ ನಾನೂ ಹೋಗಿದ್ದೆ. ನಾಲೆಯ ಮೇಲಿನವರು ಯಾಕೆ ಜಾಸ್ತಿ ನೀರು ತಗೊಳ್ತಾರೆ ಅಂತ ಆಗ ಯೋಚನೆ ಶುರುವಾಯ್ತು.' ಇದನ್ನೇ ಸರಳ ಇಂಗ್ಲಿಷಿಗೆ ತಂದೆ, ಸಣ್ಣ ಸಣ್ಣ ವಾಕ್ಯದಲ್ಲೇ.

ಇನ್ನೊಂದು ಕಸರತ್ತು. ಅದೇ ಉತ್ತರವನ್ನು ಮೂರು ಕಡೆಯಿಂದ ಶುರು ಮಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ: ಒಮ್ಮೆ ಗದ್ದೆಯಿಂದ, ಒಮ್ಮೆ ಆ ರಾತ್ರಿಯಿಂದ, ಒಮ್ಮೆ ನೇರ 'ಮೇಲಿನವರು ಯಾಕೆ' ಎಂಬ ಪ್ರಶ್ನೆಯಿಂದ. ಕೇಳುವಾಗ ಮೂರರಲ್ಲೂ ಒಂದೇ ವಾಕ್ಯ ಅಕ್ಷರಶಃ ಬಂದರೆ ಅದಕ್ಕೆ ಗುರುತು ಹಾಕಿ ಬೇರೆ ಮಾತಲ್ಲಿ ಹೇಳಿದೆ. ಒಂದು ನಿಮಿಷ ದಾಟಿದರೆ ಕತ್ತರಿಸಿದೆ. ಉಳಿದದ್ದು ಅವರೇ ಕೇಳಲಿ ಅಂತ.

ಬಾಯಿಪಾಠ ಬೇಕಾದದ್ದೂ ಇದೆ: ಇಸವಿ, ಊರಿನ ಹೆಸರು, ಅಂಕಿ. ಅರ್ಜಿಯಲ್ಲಿ ಎರಡು ವರ್ಷ ಅಂತ ಬರೆದು ಬಾಯಲ್ಲಿ ಮೂರು ಅಂದರೆ ಅನುಮಾನ ಬರುತ್ತೆ, ಸ್ಟೇಟ್‌ಮೆಂಟ್ ಅವರ ಮುಂದೆಯೇ ಇರಬಹುದು. ಅವರು ಅದನ್ನು ಓದಿರ್ತಾರೆ ಅಂತ, ಉಳಿದ ಮಾತಲ್ಲಿ ಅದರಲ್ಲಿರುವುದನ್ನೇ ಒಪ್ಪಿಸದೆ, ಬರೆಯದೆ ಬಿಟ್ಟದ್ದನ್ನು ಹೇಳೋಕೆ ಇಟ್ಟುಕೊಂಡಿದ್ದೆ.

ಸಂದರ್ಶನದಲ್ಲಿ ಒಬ್ಬರು, 'ಮೇಲಿನ ರೈತರ ಜೊತೆ ಮಾತಾಡಿದ್ದೀರಾ?' ಅಂದರು. ಅದು ಯಾವ ಚೀಟಿಯಲ್ಲೂ ಇರಲಿಲ್ಲ. ಸ್ವಲ್ಪ ಸುಮ್ನಿದ್ದು, ಒಬ್ಬರ ಜೊತೆ ಮಾತ್ರ, ಅದೂ ಜಗಳದಲ್ಲಿ ಅಂದೆ. ಮುಂದಿನ ಹತ್ತು ನಿಮಿಷ ಆ ಜಗಳದ ಬಗ್ಗೆಯೇ ಕೇಳಿದರು.